ಮೂರು ಬಟನ್‌ಗಳಲ್ಲಿ ಯಾರಿಗೆಲ್ಲ ಜಾಗ?

ಊರಿನ ರಕ್ತಪರೀಕ್ಷಾ ಲ್ಯಾಬಿನ ವಾಟ್ಸ್ಆ್ಯಪ್ ನಂಬರಿಗೆ "ಹಲೋ" ಎಂದು ಕಳಿಸಿದರೆ ಈಗ ಮನುಷ್ಯರ ಉತ್ತರ ಬರುವ ಮೊದಲು ಒಂದು ಸ್ವಾಗತ ಸಂದೇಶ ಬರುತ್ತದೆ. ಮೇಲೆ ಲ್ಯಾಬಿನ ಹೆಸರು, ಒಂದು ನಮಸ್ಕಾರ, ಕೆಳಗೆ ಒತ್ತಲು ಎರಡು ಮೂರು ಬಟನ್. ಬ್ಯಾಂಕು, ಗ್ಯಾಸ್ ಏಜೆನ್ಸಿ, ಬಸ್ ಟಿಕೆಟ್, ಶಾಲೆಯ ಶುಲ್ಕ, ಎಲ್ಲ ಕಡೆಯೂ ಇದೇ ಕ್ರಮ. ನಮಗೆ ಬೇಕಾದದ್ದು ಆ ಬಟನ್‌ಗಳಲ್ಲಿ ಇದ್ದರೆ ಕೆಲಸ ಒಂದು ಒತ್ತಿಗೆ ಮುಗಿಯುತ್ತದೆ. ಇಲ್ಲದಿದ್ದರೆ ಟೈಪ್ ಮಾಡಬೇಕು, ಕಾಯಬೇಕು, ಕೊನೆಗೆ ಫೋನ್ ಮಾಡಬೇಕು.

ಆ ಬಟನ್‌ಗಳ ಮೇಲೆ ಏನಿರಬೇಕೆಂದು ಯಾರೋ ಒಬ್ಬರು ಕೂತು ತೀರ್ಮಾನಿಸಿರುತ್ತಾರೆ. ಬಹಳ ಸಲ ಆ ತೀರ್ಮಾನ ಆಗುವುದು ಮಾಲೀಕರ ಮೇಜಿನ ಮೇಲೆ: "ನಮ್ಮ ಬಗ್ಗೆ", "ನಮ್ಮ ಸೇವೆಗಳು", "ಆಫರ್". ಇನ್ನೂ ಸ್ವಲ್ಪ ಶ್ರದ್ಧೆ ಇರುವವರು ಜನ ಏನೇನು ಕೇಳುತ್ತಾರೆಂದು ಎಣಿಸಿ, ಅತಿ ಹೆಚ್ಚು ಸಲ ಬಂದ ಮೂರನ್ನು ಹಾಕುತ್ತಾರೆ. ಈ ಎರಡನೇ ದಾರಿ ಸರಿಯಾದದ್ದೆಂದೇ ತೋರುತ್ತದೆ. ಆದರೆ ಅದರಲ್ಲೂ ಒಂದು ದೊಡ್ಡ ತೂತಿದೆ.

ಜಾಗ ಎಷ್ಟು ಕಡಿಮೆ

ವಾಟ್ಸ್ಆ್ಯಪ್‌ನ ವ್ಯಾಪಾರಿ ಸೇವೆಯಲ್ಲಿ ಒಂದು ಸಂದೇಶದ ಕೆಳಗೆ ಉತ್ತರದ ಬಟನ್ ಮೂರಕ್ಕಿಂತ ಹೆಚ್ಚು ಹಾಕುವಂತಿಲ್ಲ. ಫೇಸ್‌ಬುಕ್ ಮೆಸೆಂಜರ್‌ನಲ್ಲಿ ಮಾತುಕತೆ ಶುರುವಾಗುವ ಮೊದಲು ತೋರಿಸುವ ಸಿದ್ಧ ಪ್ರಶ್ನೆಗಳು ನಾಲ್ಕರವರೆಗೆ. ವಾಟ್ಸ್ಆ್ಯಪ್‌ನಲ್ಲಿ ಹತ್ತು ಸಾಲಿನ ಪಟ್ಟಿ ಹಾಕುವ ಇನ್ನೊಂದು ಬಗೆಯೂ ಇದೆ. ಆದರೆ ಆ ಪಟ್ಟಿ ಒಂದು ಬಟನ್‌ನ ಹಿಂದೆ ಮಡಚಿಕೊಂಡಿರುತ್ತದೆ. ಒತ್ತಿ ತೆರೆದವರಿಗೆ ಮಾತ್ರ ಒಳಗಿರುವುದು ಕಾಣುತ್ತದೆ. ಸ್ವಾಗತದ ಮೊದಲ ನೋಟಕ್ಕೆ ಅದು ಮೂರು ಬಟನ್‌ಗಳ ಬದಲಿಯಾಗದು.

ಬಟನ್ ಮೇಲಿನ ಬರಹಕ್ಕೂ ಮಿತಿ ಇದೆ: 20 ಅಕ್ಷರ. ಇದು ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ ನಾವು ಒಂದು ಅಕ್ಷರವೆಂದು ಓದುವುದನ್ನು ಯೂನಿಕೋಡ್ ಹಲವು ತುಂಡುಗಳಾಗಿ ಎಣಿಸುತ್ತದೆ. ವ್ಯಂಜನ ಒಂದು, ಗುಣಿತದ ಚಿಹ್ನೆ ಇನ್ನೊಂದು, ಒತ್ತಕ್ಷರದ ನಡುವಿನ ಹಲಂತ ಮತ್ತೊಂದು. "ಮನೆಗೆ ಬಂದು ಸ್ಯಾಂಪಲ್" ಎಂಬುದು ನಮ್ಮ ಕಣ್ಣಿಗೆ ಎಂಟು ಅಕ್ಷರ. ಎರಡು ಖಾಲಿ ಜಾಗವೂ ಸೇರಿ ಅದು 19 ತುಂಡು. ಕೊನೆಗೆ "ತಗೊಳ್ಳಿ" ಸೇರಿಸಿದರೆ ಮಿತಿ ದಾಟಿತು. ಹಾಗಾಗಿ ಕನ್ನಡದಲ್ಲಿ ಬಟನ್ ಬರೆಯುವವರಿಗೆ ಎರಡು ಬಿಗಿ: ಮೂರೇ ಬಟನ್, ಅದರ ಮೇಲೆ ಎರಡು ಮೂರು ಪದ.

ಮೊದಲು ಚೀಟಿಗಳು

ಲೆಕ್ಕ ತೋರಿಸಲು ತಾಲ್ಲೂಕು ಕೇಂದ್ರದಲ್ಲಿ ಒಂದು ಲ್ಯಾಬ್ ಇದೆಯೆಂದು ಇಟ್ಟುಕೊಳ್ಳೋಣ. ಲ್ಯಾಬೂ ಕಾಲ್ಪನಿಕ, ಮುಂದೆ ಬರುವ ಸಂಖ್ಯೆಗಳೂ ಉದಾಹರಣೆಗಾಗಿ ಇಟ್ಟುಕೊಂಡವು. ವಿಧಾನ ಮಾತ್ರ ಯಾವ ಲ್ಯಾಬಿಗೂ, ಯಾವ ಕಚೇರಿಗೂ ಹೊಂದುವಂಥದ್ದು.

ನಾಲ್ಕು ವಾರಗಳ ವಾಟ್ಸ್ಆ್ಯಪ್ ಮಾತುಕತೆಗಳನ್ನು ತೆಗೆದುಕೊಂಡು ಒಬ್ಬ ವ್ಯಕ್ತಿಗೆ ಒಂದು ಚೀಟಿಯಂತೆ ಬರೆಯುತ್ತೇವೆ. ಇಲ್ಲಿ ಎಣಿಸುವುದು ಜನರನ್ನು, ಸಂದೇಶಗಳನ್ನಲ್ಲ. ಜ್ವರ ಬಂದ ಮಗುವಿನ ತಾಯಿ ಒಂದೇ ಸಂಜೆ ಎಂಟು ಸಲ "ರಿಪೋರ್ಟ್ ಬಂತಾ ಸರ್" ಎಂದು ಕೇಳಿದ್ದರೆ ಅದು ಎಂಟು ಅಗತ್ಯವಲ್ಲ, ಒಂದು.

ಎರಡನೆಯ ಎಚ್ಚರ: ಮೊದಲ ಸಂದೇಶವನ್ನು ನಂಬಬಾರದು. ನಮ್ಮ ಜನ "ಹಾಯ್", "ನಮಸ್ತೆ ಮೇಡಂ", "ಲ್ಯಾಬ್ ಓಪನ್ ಇದೆಯಾ" ಎಂದು ಶುರು ಮಾಡಿ, ವಿಷಯಕ್ಕೆ ಬರುವುದು ನಾಲ್ಕನೇ ಸಾಲಿನಲ್ಲಿ. "ಓಪನ್ ಇದೆಯಾ" ಎಂದವರಲ್ಲಿ ಕೆಲವರಿಗೆ ನಿಜವಾಗಿ ಬೇಕಿದ್ದದ್ದು ಸಮಯವಲ್ಲ, ಸಂಜೆ ಬಂದರೆ ರಿಪೋರ್ಟ್ ಕೈಗೆ ಸಿಗುತ್ತದೆಯೇ ಎಂಬ ಉತ್ತರ. ಮಾತುಕತೆ ಎಲ್ಲಿ ಮುಗಿಯಿತೆಂದು ನೋಡಿಯೇ ಚೀಟಿ ಬರೆಯಬೇಕು.

ಮೂರನೆಯದು ಭಾಷೆಯ ತೊಡಕು. ಒಂದೇ ಪ್ರಶ್ನೆ "ರಿಪೋರ್ಟ್ ಬಂತಾ" ಎಂದೂ ಬರುತ್ತದೆ, `report banta` ಎಂದೂ ಬರುತ್ತದೆ, `riport ready ideya` ಎಂದೂ ಬರುತ್ತದೆ. ಉಳಿದವರು ಧ್ವನಿ ಸಂದೇಶ ಕಳಿಸುತ್ತಾರೆ. ಪದ ಹುಡುಕಿ ಎಣಿಸುವ ತಂತ್ರಾಂಶಕ್ಕೆ ಇವೆಲ್ಲ ಬೇರೆ ಬೇರೆ. ಇನ್ನೂರು ಮುನ್ನೂರು ಚೀಟಿಗಳಾದರೆ ಕೌಂಟರಿನಲ್ಲಿ ಕೂರುವವರೇ ಓದಿ ಗುಂಪು ಮಾಡುವುದು ಹೆಚ್ಚು ನಂಬಿಕೆಯದು.

ಹೀಗೆ 240 ಚೀಟಿಗಳಾದವು ಎನ್ನೋಣ. ಬಟನ್ ಆಗಬಹುದಾದ ಏಳು ವಿಷಯಗಳನ್ನು ಬರೆದು, ಯಾವ ಬಟನ್ ಇದ್ದಿದ್ದರೆ ಎಷ್ಟು ಚೀಟಿಯವರಿಗೆ ಕೆಲಸ ಆಗುತ್ತಿತ್ತು ಎಂದು ಗುರುತು ಹಾಕುತ್ತೇವೆ. ಒಂದು ಚೀಟಿಗೆ ಎರಡು ಗುರುತೂ ಬೀಳಬಹುದು.

- ರಿಪೋರ್ಟ್ ಸಿದ್ಧವೇ: 74
- ರಿಪೋರ್ಟಿನ ಪ್ರತಿ ಕಳಿಸಿ: 60
- ಟೆಸ್ಟ್ ದರ: 46
- ಪೂರ್ತಿ ತಪಾಸಣೆಯ ಪ್ಯಾಕೇಜ್: 34
- ಮನೆಗೆ ಬಂದು ಸ್ಯಾಂಪಲ್: 30
- ಟೆಸ್ಟಿಗೆ ತಯಾರಿ, ಖಾಲಿ ಹೊಟ್ಟೆ ಇತ್ಯಾದಿ: 26
- ಸಮಯ ಮತ್ತು ವಿಳಾಸ: 24

ಮೇಲಿನ ಮೂರು ಯಾಕೆ ಬೇಡ

ಪಟ್ಟಿಯ ಮೊದಲ ಮೂರನ್ನು ಎತ್ತಿಕೊಂಡರೆ 74, 60, 46, ಒಟ್ಟು 180 ಎಂದು ಖುಷಿಯಾಗುತ್ತದೆ. ಆದರೆ ಇಲ್ಲಿ ಒಬ್ಬರನ್ನೇ ಎರಡು ಸಲ ಎಣಿಸಿದ್ದೇವೆ. "ರಿಪೋರ್ಟ್ ಬಂತಾ? ಬಂದಿದ್ದರೆ ಇಲ್ಲಿಗೇ ಕಳಿಸಿ" ಎಂದವರ ಚೀಟಿಗೆ ಎರಡೂ ಗುರುತು ಬಿದ್ದಿದೆ. ಪ್ರತಿ ಕೇಳಿದ 60 ಜನರಲ್ಲಿ 52 ಮಂದಿ ಆಗಲೇ ಮೊದಲ 74ರೊಳಗೆ ಇದ್ದಾರೆ. ಎರಡನೇ ಬಟನ್‌ನಿಂದ ಹೊಸದಾಗಿ ಕೆಲಸ ಆಗುವುದು 8 ಜನರಿಗೆ ಮಾತ್ರ. ನಿಜವಾದ ಮೊತ್ತ 74, 8, 46, ಅಂದರೆ 128. ಇದು 240ರಲ್ಲಿ ಶೇ. 53.

ಈಗ ಇನ್ನೊಂದು ರೀತಿ. ಎಲ್ಲಕ್ಕಿಂತ ದೊಡ್ಡದನ್ನು, ಅಂದರೆ "ರಿಪೋರ್ಟ್ ಸಿದ್ಧವೇ" ಎಂಬುದನ್ನು, ಮೊದಲು ಆರಿಸಿ. ಅದರಿಂದ ಕೆಲಸ ಆಗುವ 74 ಚೀಟಿಗಳನ್ನು ಮೇಜಿನಿಂದಲೇ ತೆಗೆದುಬಿಡಿ. ಉಳಿದ 166 ಚೀಟಿಗಳಲ್ಲಿ ಎಲ್ಲವನ್ನೂ ಹೊಸದಾಗಿ ಎಣಿಸಿ. "ಪ್ರತಿ ಕಳಿಸಿ" 60ರಿಂದ 8ಕ್ಕೆ ಕುಸಿಯುತ್ತದೆ. ಸಮಯ ಕೇಳಿದವರಲ್ಲಿ 6 ಮಂದಿ ರಿಪೋರ್ಟ್ ಒಯ್ಯಲು ಬರುವವರಾದ್ದರಿಂದ ಅದು 18 ಆಗುತ್ತದೆ. ದರ 46ರಲ್ಲೇ ನಿಲ್ಲುತ್ತದೆ, ಅದೇ ಎರಡನೇ ಬಟನ್. ಆ 46 ಚೀಟಿಗಳನ್ನೂ ತೆಗೆದು ಮತ್ತೆ ಎಣಿಸಿದರೆ, ಪ್ಯಾಕೇಜ್ ಕೇಳಿದ 34ರಲ್ಲಿ 28 ಮಂದಿ ದರವನ್ನೇ ಕೇಳಿದ್ದವರಾದ್ದರಿಂದ ಉಳಿದದ್ದು 6. ತಯಾರಿ 22. ಮನೆಗೆ ಬಂದು ಸ್ಯಾಂಪಲ್ 24. ಮೂರನೇ ಬಟನ್ ಅದು. ಮೊತ್ತ 74, 46, 24, ಅಂದರೆ 144. ಶೇ. 60.

ಮೊದಲ ಪಟ್ಟಿಯಲ್ಲಿ ಐದನೇ ಸ್ಥಾನದಲ್ಲಿದ್ದ ವಿಷಯ ಎರಡನೆಯದನ್ನು ತಳ್ಳಿ ಒಳಗೆ ಬಂದಿತು. ಬಟನ್‌ಗಳ ಸಂಖ್ಯೆ ಅಷ್ಟೇ, ಇನ್ನೂ 16 ಜನರಿಗೆ ದಾರಿಯಾಯಿತು. ಕಾರಣ ಇಷ್ಟೇ: ಒಂದು ಬಟನ್‌ನ ಬೆಲೆ ಅದನ್ನು ಎಷ್ಟು ಜನ ಒತ್ತುತ್ತಾರೆ ಎಂಬುದರಲ್ಲಿಲ್ಲ, ಪಕ್ಕದ ಬಟನ್‌ಗಳು ಕೈಬಿಟ್ಟ ಎಷ್ಟು ಜನರನ್ನು ಅದು ಹಿಡಿಯುತ್ತದೆ ಎಂಬುದರಲ್ಲಿದೆ.

ಗಣಿತದವರಿಗೆ ಇದು ಹಳೆಯ ಸಮಸ್ಯೆ. ಕೆಲವೇ ಗುಂಪುಗಳನ್ನು ಆರಿಸಿ ಆದಷ್ಟು ಹೆಚ್ಚು ಮಂದಿಯನ್ನು ಒಳಗೊಳ್ಳುವುದು ಹೇಗೆ ಎಂಬುದು ಅದರ ತಿರುಳು. ಅಗ್ನಿಶಾಮಕ ಠಾಣೆಗಳನ್ನು ಎಲ್ಲೆಲ್ಲಿ ಕಟ್ಟಬೇಕು ಎಂಬ ಲೆಕ್ಕವೂ ಇದೇ ಜಾತಿಯದು. ಪ್ರತಿ ಹೆಜ್ಜೆಯಲ್ಲೂ ಹೊಸಬರನ್ನು ಅತಿ ಹೆಚ್ಚು ತರುವುದನ್ನು ಆರಿಸುತ್ತ ಹೋಗುವ ಮೇಲಿನ ಕ್ರಮಕ್ಕೆ ಗ್ರೀಡಿ ವಿಧಾನ ಎನ್ನುತ್ತಾರೆ. ಜಾರ್ಜ್ ನೆಮ್‌ಹೌಸರ್, ಲಾರೆನ್ಸ್ ವೋಲ್ಸಿ, ಮಾರ್ಷಲ್ ಫಿಶರ್ 1978ರಲ್ಲಿ ಇದರ ಖಾತರಿಯನ್ನು ಸಾಧಿಸಿ ತೋರಿಸಿದರು: ಈ ಕ್ರಮ ಎಷ್ಟೇ ಎಡವಿದರೂ, ಸಾಧ್ಯವಿರುವ ಅತ್ಯುತ್ತಮ ಆಯ್ಕೆ ತಲುಪುವಷ್ಟರಲ್ಲಿ ಸುಮಾರು ಶೇ. 63ಕ್ಕಿಂತ ಕೆಳಗೆ ಇಳಿಯದು. ಅದು ತೀರ ಕೆಟ್ಟ ಸಂದರ್ಭದ ಮಾತು. ನಮ್ಮ ಲ್ಯಾಬಿನಂಥ ಸಣ್ಣ ಲೆಕ್ಕದಲ್ಲಿ ಆ ಅನುಮಾನವನ್ನೂ ಉಳಿಸಿಕೊಳ್ಳಬೇಕಿಲ್ಲ. ಏಳು ವಿಷಯಗಳಲ್ಲಿ ಮೂರನ್ನು ಆರಿಸುವ ರೀತಿಗಳು ಒಟ್ಟು 35. ಅಷ್ಟನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಹಾಕಿ ನೋಡಬಹುದು. ಇಲ್ಲಿ 144ಕ್ಕಿಂತ ಹೆಚ್ಚು ಕೊಡುವ ಮೂವರ ಗುಂಪು ಇನ್ನೊಂದಿಲ್ಲ.

ಬಟನ್ ಬೇಡದ್ದು, ಬಟನ್ ಸೇರುವುದು

ಶೇ. 60ಕ್ಕೆ ನಿಲ್ಲಬೇಕಾಗಿಲ್ಲ. ಇಲ್ಲಿಯವರೆಗೆ ಆ ಏಳು ವಿಷಯಗಳನ್ನು ಕಲ್ಲಿನಲ್ಲಿ ಕೆತ್ತಿದಂತೆ ಹಾಗೇ ಇಟ್ಟುಕೊಂಡಿದ್ದೆವು. ಅವುಗಳನ್ನು ಬೇರೆ ರೀತಿಯಲ್ಲಿ ಕಟ್ಟಲೂ ಬರುತ್ತದೆ.

ಸಮಯ ಮತ್ತು ವಿಳಾಸ ಎಲ್ಲರಿಗೂ ಒಂದೇ ಉತ್ತರ. ಕೇಳಿದವರು ಯಾರೆಂದು ತಿಳಿಯಬೇಕಿಲ್ಲ, ಮರುಪ್ರಶ್ನೆ ಹಾಕಬೇಕಿಲ್ಲ. ಅಂಥದ್ದಕ್ಕೆ ಬಟನ್ ಯಾಕೆ? ಸ್ವಾಗತದ ಸಾಲಿನಲ್ಲೇ "ಬೆಳಿಗ್ಗೆ 7ರಿಂದ ರಾತ್ರಿ 8, ಭಾನುವಾರ ಮಧ್ಯಾಹ್ನ 1ರವರೆಗೆ, ಬಸ್ ನಿಲ್ದಾಣದ ಎದುರು" ಎಂದು ಬರೆದರೆ ಉಳಿದಿದ್ದ 18 ಜನರ ಪ್ರಶ್ನೆ ಒಂದೂ ಒತ್ತದೆ ಮುಗಿಯಿತು.

ಇನ್ನು ಸೇರಿಸುವುದು. ಎರಡು ವಿಷಯಗಳನ್ನು ಒಂದೇ ಬಟನ್‌ಗೆ ಯಾವಾಗ ಕೂಡಿಸಬಹುದು? ಎರಡಕ್ಕೂ ಮುಂದಿನ ಪ್ರಶ್ನೆ ಒಂದೇ ಆಗಿದ್ದಾಗ. ದರ ಬೇಕೆಂದವರನ್ನು ಕೇಳಬೇಕಾದದ್ದು "ಯಾವ ಟೆಸ್ಟ್?" ತಯಾರಿ ಹೇಗೆ ಎಂದವರನ್ನು ಕೇಳಬೇಕಾದದ್ದೂ "ಯಾವ ಟೆಸ್ಟ್?" ಥೈರಾಯ್ಡ್ ಎಂದು ಆರಿಸಿದ ಮೇಲೆ ದರವನ್ನೂ ತಯಾರಿಯನ್ನೂ ಒಂದೇ ಉತ್ತರದಲ್ಲಿ ಕೊಡಬಹುದು. ಪ್ಯಾಕೇಜ್‌ಗಳು ಅದೇ ಪಟ್ಟಿಯ ಇನ್ನೊಂದು ಸಾಲು. "ಟೆಸ್ಟ್ ದರ, ತಯಾರಿ" ಎಂದು ಬರೆದರೆ 16 ತುಂಡು, ಮಿತಿಯೊಳಗೆ. ಹಾಗೆಯೇ ರಿಪೋರ್ಟ್ ಸಿದ್ಧವೇ ಎಂಬುದಕ್ಕೂ ಪ್ರತಿ ಕಳಿಸಿ ಎಂಬುದಕ್ಕೂ ಮುಂದಿನ ಪ್ರಶ್ನೆ ಬಿಲ್ ನಂಬರ್. "ನನ್ನ ರಿಪೋರ್ಟ್" ಎಂಬ ಒಂದು ಬಟನ್ ಎರಡನ್ನೂ ಹೊರುತ್ತದೆ: ಸಿದ್ಧವಿದ್ದರೆ ಕಳಿಸುತ್ತದೆ, ಇಲ್ಲದಿದ್ದರೆ ಎಷ್ಟು ಹೊತ್ತಿಗೆ ಎಂದು ಹೇಳುತ್ತದೆ.

ಈಗ ಲೆಕ್ಕ ನೋಡಿ. ನನ್ನ ರಿಪೋರ್ಟ್ 82. ದರ, ಪ್ಯಾಕೇಜ್, ತಯಾರಿ ಸೇರಿ 74. ಮನೆಗೆ ಬಂದು ಸ್ಯಾಂಪಲ್ 24. ಸ್ವಾಗತದ ಸಾಲಿನಿಂದಲೇ 18. ಒಟ್ಟು 198, ಅಂದರೆ 240ರಲ್ಲಿ ಶೇ. 82ಕ್ಕಿಂತ ಸ್ವಲ್ಪ ಹೆಚ್ಚು. ಬಟನ್ ಆಗಲೂ ಮೂರು, ಈಗಲೂ ಮೂರು.

ಈ ಕೂಡಿಸುವ ಆಸೆಗೆ ಕಡಿವಾಣವೂ ಬೇಕು. ಇದೇ ದಾರಿಯಲ್ಲಿ ಮುಂದೆ ಹೋದರೆ "ನಮ್ಮ ಸೇವೆಗಳು" ಎಂಬ ಒಂದೇ ಬಟನ್ 240 ಜನರನ್ನೂ ಒಳಗೊಳ್ಳುತ್ತದೆ. ಅದು ಕಾಗದದ ಮೇಲಿನ ಸಾಧನೆ. ಹೊಟ್ಟೆ ಖಾಲಿ ಇರಬೇಕಾ ಎಂದು ಕೇಳಲು ಬಂದ ಅಜ್ಜನಿಗೆ ತನ್ನ ಉತ್ತರ "ನಮ್ಮ ಸೇವೆಗಳು" ಎಂಬುದರ ಒಳಗಿದೆಯೆಂದು ಹೊಳೆಯುವುದಿಲ್ಲ. ಬಟನ್ ಇದ್ದರೆ ಸಾಲದು, ಇದು ನನಗೇ ಎಂದು ಬಂದವರಿಗೆ ತೋರಬೇಕು. ತಿಳಿಯುವ ದಾರಿ ಸುಲಭ. ಹಳೆಯ ಚೀಟಿಗಳಲ್ಲಿ ಹೆಸರು, ನಂಬರ್ ಅಳಿಸಿ ಕೆಲವನ್ನು ತೆಗೆದು, ಲ್ಯಾಬಿಗೆ ಸಂಬಂಧವಿಲ್ಲದ ಐದಾರು ಮಂದಿಗೆ ಕೊಡಿ. "ಇದು ನಿಮ್ಮ ಸಮಸ್ಯೆ, ಈ ಮೂರರಲ್ಲಿ ಯಾವುದನ್ನು ಒತ್ತುತ್ತೀರಿ?" ಎಂದು ಕೇಳಿ. ಒಂದೇ ಚೀಟಿಗೆ ಬೇರೆ ಬೇರೆ ಬೆರಳು ಬೇರೆ ಬೇರೆ ಬಟನ್‌ಗೆ ಹೋದರೆ ಹೆಸರು ಸರಿಯಿಲ್ಲ. ನಮ್ಮ ಎಣಿಕೆಯಲ್ಲಿ ಆ ಚೀಟಿಯನ್ನು ಗೆದ್ದ ಲೆಕ್ಕಕ್ಕೆ ಹಾಕಕೂಡದು.

ಕೇಳದೇ ಹೋದವರು

ಚೀಟಿಗಳಲ್ಲಿ ಸಿಗುವುದು ಕೇಳಿದವರ ಅಗತ್ಯ. ಕೇಳಬೇಕೆಂದೇ ಗೊತ್ತಿಲ್ಲದವರ ಅಗತ್ಯ ಅಲ್ಲಿ ಇಲ್ಲ. ಫಾಸ್ಟಿಂಗ್ ಶುಗರ್ ಟೆಸ್ಟಿಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. ಇದು ತಿಳಿಯದೆ ಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟು, ದಾರಿಯಲ್ಲಿ ಕಾಫಿ ತಿಂಡಿ ಮುಗಿಸಿ ಬಂದವರನ್ನು ಲ್ಯಾಬ್ ವಾಪಸ್ ಕಳಿಸುತ್ತದೆ. ಅವರು ವಾಟ್ಸ್ಆ್ಯಪ್‌ನಲ್ಲಿ ಏನನ್ನೂ ಕೇಳಿರಲಿಲ್ಲ. ಹಾಗಾಗಿ ತಯಾರಿಯ 26 ಎಂಬ ಸಂಖ್ಯೆ ನಿಜವಾದ ಅಗತ್ಯಕ್ಕಿಂತ ಚಿಕ್ಕದು. ಅದರ ಅಳತೆ ಸಿಗುವುದು ಕೌಂಟರಿನಲ್ಲಿ: ತಿಂದು ಬಂದದ್ದರಿಂದ ವಾಪಸ್ ಹೋದವರು ವಾರಕ್ಕೆ ಎಷ್ಟು ಎಂದು ಬರೆದಿಟ್ಟರೆ. ಬಟನ್ ಮೇಲೆ "ತಯಾರಿ" ಎಂಬ ಪದ ಕಂಡಾಗಲೇ "ಏನಾದರೂ ತಯಾರಿ ಬೇಕಾ?" ಎಂದು ಕೆಲವರಿಗೆ ಹೊಳೆಯುತ್ತದೆ. ಆ ಪದವನ್ನು ದರದ ಜೊತೆ ಉಳಿಸಿಕೊಳ್ಳಲು ಇದು ಇನ್ನೊಂದು ಕಾರಣ.

ಫೋನ್ ಮಾಡುವವರೂ ಚೀಟಿಯಲ್ಲಿಲ್ಲ. ಟೈಪ್ ಮಾಡಲು ಬಾರದವರು, ಕಣ್ಣು ಮಂಜಾದವರು ನೇರ ಕರೆ ಮಾಡುತ್ತಾರೆ. ಅವರು ಕೇಳುವುದನ್ನೂ ಒಂದು ವಾರ ಬರೆದು ಚೀಟಿಗಳ ಜೊತೆ ಸೇರಿಸಿದರೆ ಅಂಕಿಗಳು ಅಲುಗಾಡಬಹುದು. ಮನೆಗೆ ಬಂದು ಸ್ಯಾಂಪಲ್ ತೆಗೆಯುವ ಸೇವೆ ಹೆಚ್ಚು ಬೇಕಾಗಿರುವುದು ಅವರಿಗೇ.

ಹಾಕಿದ ಮೇಲೆ ಕಣ್ಣಿಡುವುದು

ಬಟನ್‌ಗಳು ಬಂದ ಮೇಲೆ ಎಷ್ಟು ಸಲ ಒತ್ತಿದರು ಎಂಬ ಸಂಖ್ಯೆ ಕಂಪ್ಯೂಟರಿನಲ್ಲಿ ತಾನೇ ಸೇರುತ್ತದೆ. ಆ ಸಂಖ್ಯೆ ಎರಡು ರೀತಿಯಲ್ಲಿ ದಾರಿ ತಪ್ಪಿಸುತ್ತದೆ.

ಮೊದಲನೆಯದಾಗಿ, ಮೇಲಿರುವ ಬಟನ್‌ಗೆ ಮೇಲಿದೆ ಎಂಬ ಕಾರಣಕ್ಕೇ ಹೆಚ್ಚು ಒತ್ತು ಬೀಳುತ್ತದೆ. ಬಂದವರಲ್ಲಿ ಕೆಲವರು ಮೂರನ್ನೂ ಓದುವುದಿಲ್ಲ. ಒಂದು ವಾರ ಕ್ರಮ ಬದಲಿಸಿ ನೋಡಿದರೆ ಎಷ್ಟು ಒತ್ತು ವಿಷಯಕ್ಕೆ ಬಿದ್ದದ್ದು, ಎಷ್ಟು ಜಾಗಕ್ಕೆ ಬಿದ್ದದ್ದು ಎಂದು ಬೇರ್ಪಡುತ್ತದೆ. ಎರಡನೆಯದಾಗಿ, ಒತ್ತಿದ ಮಾತ್ರಕ್ಕೆ ಕೆಲಸ ಆಯಿತೆಂದಲ್ಲ. ಒತ್ತಿದ ಅದೇ ವ್ಯಕ್ತಿ 24 ಗಂಟೆಯೊಳಗೆ ಅದೇ ವಿಷಯಕ್ಕೆ ಮತ್ತೆ ಟೈಪ್ ಮಾಡಿದರೇ, ಫೋನ್ ಮಾಡಿದರೇ ಎಂದು ನೋಡಬೇಕು. "ನನ್ನ ರಿಪೋರ್ಟ್" ಒತ್ತಿ, ಬಿಲ್ ನಂಬರ್ ಗೊತ್ತಿಲ್ಲದೆ ಅಲ್ಲೇ ಸಿಕ್ಕಿಕೊಂಡವರು ಒತ್ತಿನ ಲೆಕ್ಕದಲ್ಲಿ ಗೆಲುವಾಗಿ ಕಾಣುತ್ತಾರೆ. ಮರುಕರೆಯ ಲೆಕ್ಕದಲ್ಲಿ ಮಾತ್ರ ಸಿಕ್ಕಿಬೀಳುತ್ತಾರೆ. ಬಿಲ್ ನಂಬರಿನ ಬದಲು ರಕ್ತ ಕೊಡುವಾಗ ಬರೆಸಿದ ಮೊಬೈಲ್ ನಂಬರಿನಿಂದಲೇ ರಿಪೋರ್ಟ್ ಹುಡುಕುವಂತೆ ಮಾಡಿದರೆ ಈ ತೊಡಕು ಬಿಡಿಸಬಹುದು. ಒಂದೇ ಮೊಬೈಲ್ ನಂಬರನ್ನು ಮನೆಮಂದಿಯೆಲ್ಲ ಬಳಸುವ ಕಡೆ ಹೆಸರನ್ನೂ ಕೇಳಿಕೊಳ್ಳಬೇಕಾಗುತ್ತದೆ.

ಇನ್ನೂ ಒಂದು ಅಪಾಯ ನಿಧಾನವಾಗಿ ಬರುವಂಥದ್ದು. ಮೂರು ಬಟನ್ ಕಂಡವರು ಇಲ್ಲಿ ಇಷ್ಟೇ ಸಿಗುವುದು ಎಂದುಕೊಂಡು ಉಳಿದದ್ದನ್ನು ಕೇಳುವುದೇ ಬಿಡುತ್ತಾರೆ. ಕೆಲವು ತಿಂಗಳ ನಂತರ ದಾಖಲೆ ತೆರೆದರೆ ಜನರಿಗೆ ಬೇಕಿರುವುದು ಈ ಮೂರೇ ಎಂಬಂತೆ ಕಾಣುತ್ತದೆ. ಅದಕ್ಕೇ ಬಟನ್‌ಗಳ ಮೇಲೆ "ಬೇರೆ ಏನಾದರೂ ಇದ್ದರೆ ಬರೆಯಿರಿ, ಇಲ್ಲವೇ ಮಾತಾಡಿ ಕಳಿಸಿ" ಎಂಬ ಸಾಲು ಇರಬೇಕು, ಹಾಗೆ ಬಂದದ್ದನ್ನು ತಿಂಗಳಿಗೊಮ್ಮೆ ಮತ್ತೆ ಚೀಟಿ ಮಾಡಬೇಕು. ಉಳಿದ 42 ಜನ ಇರುವುದು ಅಲ್ಲೇ: ವಿಮೆಗೆ ರಸೀದಿ ಬೇಕಾದವರು, ರಿಪೋರ್ಟಿನಲ್ಲಿ ಹೆಸರು ತಪ್ಪಾಗಿರುವವರು, ಅಂಕಿ ನೋಡಿ ಗಾಬರಿಯಾದವರು. ಇವರಲ್ಲಿ ಯಾವ ಗುಂಪೂ ಬಟನ್ ಆಗುವಷ್ಟು ದೊಡ್ಡದಲ್ಲ. ಇವರಿಗೆ ಬೇಕಾದದ್ದು ಬೇಗ ಸಿಗುವ ಒಬ್ಬ ಮನುಷ್ಯ. ಬಟನ್‌ಗಳು ಉಳಿದ ಪ್ರಶ್ನೆಗಳನ್ನು ಹೊತ್ತುಕೊಂಡರೆ ಕೌಂಟರಿನವರಿಗೆ ಇವರಿಗಾಗಿ ಸಮಯ ಸಿಗುತ್ತದೆ.

ಯಾವಾಗ ಬದಲಿಸಬೇಕು

ಮಳೆಗಾಲ ಬಂತು, ಡೆಂಗ್ಯೂ ಹೆಚ್ಚಿತು. ಹೊಸ 240 ಚೀಟಿಗಳಲ್ಲಿ 40 ಮಂದಿ ಡೆಂಗ್ಯೂ ಟೆಸ್ಟ್ ಕೇಳಿದ್ದಾರೆ ಎನ್ನೋಣ. ಅದಕ್ಕೊಂದು ಬಟನ್ ಹಾಕಿ, 24ರಷ್ಟೇ ಇರುವ ಮನೆ ಸ್ಯಾಂಪಲ್ ತೆಗೆಯಿರಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 40 ದೊಡ್ಡದು, 24 ಚಿಕ್ಕದು.

ಚೀಟಿ ತೆಗೆದು ನೋಡಿದರೆ ಆ 40ರಲ್ಲಿ 31 ಮಂದಿ ಕೇಳಿದ್ದು ಡೆಂಗ್ಯೂ ಟೆಸ್ಟಿನ ದರವನ್ನೋ ರಿಪೋರ್ಟನ್ನೋ. ಅವರಿಗೆ ಆಗಲೇ ಬಟನ್ ಇದೆ. ಹೊಸ ಬಟನ್‌ನಿಂದ ಹೊಸದಾಗಿ ದಾರಿ ಸಿಗುವುದು 9 ಜನರಿಗೆ. ಮನೆ ಸ್ಯಾಂಪಲ್ ತೆಗೆದರೆ ದಾರಿ ತಪ್ಪುವುದು 24 ಜನರಿಗೆ, ಅವರಿಗೆ ಇನ್ನೊಂದು ಬಟನ್ ಇಲ್ಲ. ಹೋಲಿಸಬೇಕಾದದ್ದು 40ನ್ನೂ 24ನ್ನೂ ಅಲ್ಲ, 9ನ್ನೂ 24ನ್ನೂ. ಹಾಗಾಗಿ ಬಟನ್‌ಗಳು ಇದ್ದಂತೆಯೇ ಇರಲಿ. "ಟೆಸ್ಟ್ ದರ, ತಯಾರಿ" ಒತ್ತಿದಾಗ ತೆರೆಯುವ ಪಟ್ಟಿಯಲ್ಲಿ ಡೆಂಗ್ಯೂವನ್ನು ಮೊದಲ ಸಾಲಿಗೆ ತಂದರೆ ಸಾಕು. ಮುಂದೆಂದಾದರೂ ಹೊಸ ವಿಷಯವೊಂದು ಬೇರೆ ಯಾವ ಬಟನ್ನೂ ಮುಟ್ಟದ 24ಕ್ಕಿಂತ ಹೆಚ್ಚು ಜನರನ್ನು ತಂದರೆ, ಅವತ್ತು ಜಾಗ ಬಿಟ್ಟುಕೊಡಬೇಕಾದದ್ದು ಮನೆ ಸ್ಯಾಂಪಲ್.